ಅಂಗಡಿ ವೆಬ್‌ಸೈಟ್ ಪದೇ ಪದೇ ಕೈಕೊಡ್ತಿದೆಯಾ? ಶೇರ್ಡ್ ಹೋಸ್ಟಿಂಗ್, ವಿಪಿಎಸ್, ಮ್ಯಾನೇಜ್ಡ್ ಕ್ಲೌಡ್: ಯಾವುದು ಯಾರಿಗೆ? ಇಲ್ಲಿದೆ ಮಾಹಿತಿ

ಬಾಗಲಕೋಟೆ: ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ಅಂಗಡಿಯವರು ಸ್ವಂತ ವೆಬ್‌ಸೈಟ್ ಮಾಡಿಸಿದಾಗ ಸಾಮಾನ್ಯವಾಗಿ ಶುರು ಮಾಡೋದು ಶೇರ್ಡ್ ಹೋಸ್ಟಿಂಗ್‌ನಿಂದ. ವ್ಯಾಪಾರ ಕಡಿಮೆ ಇರುವಾಗ ಅದೇ ಸಾಕು. ತೊಂದರೆ ಶುರುವಾಗೋದು ಹಬ್ಬದ ಸೀಸನ್‌ನಲ್ಲಿ. ಗಿರಾಕಿಗಳು ಒಟ್ಟಿಗೆ ಬಂದಾಗ ಸೈಟ್ ತೆರೆಯಲ್ಲ, ಮಾಲೀಕರು ಬೆಳಗ್ಗೆ ನೋಡಿದರೆ ಎಲ್ಲಾ ಸರಿಯಾಗೇ ಇರುತ್ತೆ. ಆಗ ಸೈಟ್ ಮಾಡಿಕೊಟ್ಟವರು "ವಿಪಿಎಸ್‌ಗೆ ಹೋಗೋಣ" ಅಂತಾರೆ. ಹಾಗೆ ಹೋಗುವ ಮೊದಲು ತಿಳಿಯಬೇಕಾದ ವಿಷಯಗಳು ಇಲ್ಲಿವೆ.

ಮೂರಕ್ಕೂ ಇರುವ ವ್ಯತ್ಯಾಸ

ಶೇರ್ಡ್ ಹೋಸ್ಟಿಂಗ್ ಅಂದರೆ ಒಂದೇ ಸರ್ವರ್‌ನಲ್ಲಿ ನೂರಾರು ಸೈಟ್‌ಗಳು. ಸರ್ವರ್ ನೋಡಿಕೊಳ್ಳುವ ಕೆಲಸ ಕಂಪನಿಯದ್ದು. ವಿಪಿಎಸ್‌ನಲ್ಲಿ ದೊಡ್ಡ ಸರ್ವರ್‌ನ ಒಂದು ಪಾಲನ್ನು ನಿಮಗೇ ಅಂತ ಕೊಡುತ್ತಾರೆ. ಅದರ RAM ನಿಮ್ಮದು, ನಿರ್ವಹಣೆಯೂ ನಿಮ್ಮದೇ. ಮ್ಯಾನೇಜ್ಡ್ ಕ್ಲೌಡ್‌ನಲ್ಲಿ ಅದೇ ರೀತಿಯ ಸರ್ವರ್ ಸಿಗುತ್ತೆ, ಆದರೆ ಅದನ್ನು ನೋಡಿಕೊಳ್ಳೋಕೆ ಬೇರೆಯವರಿಗೆ ಹೆಚ್ಚು ದುಡ್ಡು ಕೊಡ್ತೀರಿ.

ಶೇರ್ಡ್ ಹೋಸ್ಟಿಂಗ್ ಎಲ್ಲಿ ಸೋಲುತ್ತೆ?

ಜಾಹೀರಾತಿನಲ್ಲಿ 'ಅನ್‌ಲಿಮಿಟೆಡ್' ಅಂತ ಬರೆದಿರೋದು ಹೆಚ್ಚಾಗಿ ಜಾಗ ಮತ್ತು ಡೇಟಾಗೆ ಮಾತ್ರ. ಏಕಕಾಲಕ್ಕೆ ಎಷ್ಟು ಕೆಲಸ ನಡೀಬಹುದು ಅನ್ನೋದಕ್ಕೆ ಬೇರೆ ಮಿತಿ ಇರುತ್ತೆ. ಅದರ ಹೆಸರು 'ಎಂಟ್ರಿ ಪ್ರೊಸೆಸ್'. ಕ್ಲೌಡ್‌ಲಿನಕ್ಸ್ ಬಳಸುವ ಹೋಸ್ಟಿಂಗ್‌ನಲ್ಲಿ ಈ ಮಿತಿ ದಾಟಿದರೆ ಗಿರಾಕಿಗೆ `508 Resource Limit Is Reached` ಅಂತ ಕಾಣುತ್ತೆ.

ಲೆಕ್ಕ ಹಾಕಿ ನೋಡೋಣ. ಒಂದು ಸೀರೆ ಅಂಗಡಿ ರಾತ್ರಿ 8ಕ್ಕೆ ಹೊಸ ಸ್ಟಾಕ್‌ನ ರೀಲ್ ಹಾಕುತ್ತೆ ಅಂದುಕೊಳ್ಳಿ. ಮೊದಲ 2 ನಿಮಿಷದಲ್ಲಿ 300 ಜನ ಬಂದು, ತಲಾ 4 ಪುಟ ನೋಡಿದರೆ 1,200 ಪುಟ. ಅಂದರೆ ಸೆಕೆಂಡಿಗೆ 10 ಪುಟ. ವೂಕಾಮರ್ಸ್ ಸೈಟ್‌ನಲ್ಲಿ ಒಂದು ಪುಟ ತಯಾರಾಗಲು 2 ಸೆಕೆಂಡ್ ಹಿಡಿದರೆ, ಯಾವುದೇ ಕ್ಷಣದಲ್ಲಿ 20 ಪುಟ ತಯಾರಾಗ್ತಾ ಇರುತ್ತವೆ. ಪ್ಲಾನ್‌ನ ಮಿತಿ 20 ಇದ್ದರೆ ಅಲ್ಲಿಗೆ ಮುಟ್ಟಿತು. ಒತ್ತಡದಲ್ಲಿ 2 ಸೆಕೆಂಡ್ ಹೋಗಿ 3 ಆದರೆ 30 ಬೇಕು. ಆಗ ಎರರ್ ಬರೋಕೆ ಶುರು.

ಸಿಪ್ಯಾನೆಲ್‌ನಲ್ಲಿ `Resource Usage` ತೆರೆದರೆ ಈ ಮಿತಿ ಯಾವ ಹೊತ್ತಿಗೆ ಮುಟ್ಟಿದೆ ಅಂತ ಕಾಣುತ್ತೆ. ರೀಲ್ ಹಾಕಿದ ಹೊತ್ತು, ಮಿತಿ ಮುಟ್ಟಿದ ಹೊತ್ತು ಎರಡೂ ಒಂದೇ ಆಗಿದ್ದರೆ ಕಾರಣ ಸಿಕ್ಕಿತು. ಅಲ್ಲಿ ಏನೂ ಇಲ್ಲದೆ ಸೈಟ್ ಸದಾ ನಿಧಾನ ಇದ್ದರೆ ಭಾರವಾದ ಫೋಟೋ, ಬೇಡದ ಪ್ಲಗಿನ್‌ಗಳನ್ನು ಮೊದಲು ನೋಡಬೇಕು. ಆ ತೊಂದರೆ ಸರ್ವರ್ ಬದಲಿಸಿದರೂ ಜೊತೆಗೇ ಬರುತ್ತೆ.

ಮೊದಲ ಮದ್ದು: ಕ್ಯಾಶ್

ಸೀರೆಯ ಫೋಟೋ, ಬೆಲೆ ಇರುವ ಪುಟವನ್ನು ಪ್ರತಿಯೊಬ್ಬರಿಗೂ ಹೊಸದಾಗಿ ತಯಾರಿಸುವ ಅಗತ್ಯವಿಲ್ಲ. ಕ್ಯಾಶ್ ಪ್ಲಗಿನ್ ಹಾಕಿದರೆ ಒಮ್ಮೆ ತಯಾರಾದ ಪುಟವೇ ಎಲ್ಲರಿಗೂ ಹೋಗುತ್ತೆ. ಕಾರ್ಟ್, ಚೆಕ್‌ಔಟ್, ಗಿರಾಕಿಯ ಖಾತೆ ಈ ಮೂರನ್ನು ಮಾತ್ರ ಕ್ಯಾಶ್‌ನಿಂದ ಹೊರಗಿಡಲೇಬೇಕು. ಇಲ್ಲದಿದ್ದರೆ ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣೋ ಅಪಾಯ ಇದೆ.

ಮೇಲಿನ ಲೆಕ್ಕದಲ್ಲಿ 10 ಪುಟಗಳಲ್ಲಿ 1 ಮಾತ್ರ ಇಂಥ ಪುಟ ಆಗಿದ್ದರೆ, 20ರ ಜಾಗದಲ್ಲಿ ಬೇಕಾಗೋದು ಸುಮಾರು 2. ಅಂದರೆ ಅದೇ ಹಳೇ ಪ್ಲಾನ್ ಸಾಕಾಗುತ್ತೆ. ಕ್ಯಾಶ್ ಹಾಕಿದ ಮೇಲೂ ಮಿತಿ ಮುಟ್ಟುತ್ತಿದ್ದರೆ ಆಗ ಜಾಗ ಬದಲಿಸುವ ಮಾತು. ಒಟ್ಟಿಗೆ ತುಂಬಾ ಜನ ಖರೀದಿ ಮಾಡುವ, ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆ ಸ್ಟಾಕ್ ಹೊಂದಿಸುವ ಅಂಗಡಿಗಳು ಈ ಹಂತಕ್ಕೆ ಬರುತ್ತವೆ.

ವಿಪಿಎಸ್: ದೊಡ್ಡದು ಅಂತ ಅಂದುಕೊಳ್ಳಬೇಡಿ

2 ಜಿಬಿ RAM ಇರುವ ವಿಪಿಎಸ್ ತಗೊಂಡರು ಅನ್ನಿ. ಆಪರೇಟಿಂಗ್ ಸಿಸ್ಟಮ್ ಮತ್ತು ಡೇಟಾಬೇಸ್‌ಗೆ ಸುಮಾರು 800 ಎಂಬಿ ಹೋದರೆ ಉಳಿಯೋದು 1,200 ಎಂಬಿ. ಪುಟ ತಯಾರಿಸುವ ಒಂದೊಂದು ಪಿಎಚ್‌ಪಿ ಪ್ರೊಸೆಸ್‌ಗೆ 80 ಎಂಬಿ ಬೇಕಾದರೆ ಒಟ್ಟಿಗೆ ನಡೆಯೋದು 15 ಮಾತ್ರ. ಹಳೇ ಪ್ಲಾನ್‌ನಲ್ಲಿ 20 ಇತ್ತು! ಪಕ್ಕದ ಸೈಟ್‌ಗಳ ಗದ್ದಲ ಕಡಿಮೆಯಾಗಿ ಪುಟ ಬೇಗ ತಯಾರಾದರೆ ಲಾಭ ಇದೆ. ಇಲ್ಲವಾದರೆ ದುಡ್ಡು ಹೆಚ್ಚು ಕೊಟ್ಟು ಕಡಿಮೆ ಪಡೆದ ಹಾಗೆ.

ಇಲ್ಲೇ ಇನ್ನೊಂದು ತೊಡಕು. ಪಿಎಚ್‌ಪಿ-ಎಫ್‌ಪಿಎಂ ಸೆಟ್ಟಿಂಗ್‌ನಲ್ಲಿ ಈ ಸಂಖ್ಯೆಯನ್ನು RAMಗೆ ತಕ್ಕಂತೆ ಇಡಬೇಕು:

```
pm.max_children = 15
```

ಇದನ್ನು 50 ಅಂತ ಇಟ್ಟರೆ ರಶ್ ಆದಾಗ RAM ಮುಗಿದುಹೋಗುತ್ತೆ. ಆಗ ಲಿನಕ್ಸ್ ಹೆಚ್ಚು RAM ತಿನ್ನೋ ಪ್ರೊಸೆಸ್ ನಿಲ್ಲಿಸುತ್ತೆ, ಎಷ್ಟೋ ಸಲ ಅದು ಡೇಟಾಬೇಸೇ ಆಗಿರುತ್ತೆ. ಗಿರಾಕಿಗೆ ಕಾಣೋದು `Error establishing a database connection`. ಹೀಗೇ ಆಗಿದೆಯಾ ಅಂತ ತಿಳಿಯಲು:

```
free -h
sudo dmesg -T | grep -i "out of memory"
```

ಎರಡನೇ ಕಮಾಂಡ್‌ಗೆ ಸಾಲುಗಳು ಬಂದರೆ RAM ಮುಗಿದಿದ್ದೇ ಕಾರಣ.

ಇದಲ್ಲದೆ ಭದ್ರತೆಯ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲವೂ ಮಾಲೀಕರ ತಲೆ ಮೇಲೆ. ಸೈಟ್ ಮಾಡಿಕೊಟ್ಟ ಹುಡುಗ ಬೇರೆ ಊರಲ್ಲಿ ಕೆಲಸ ಹಿಡಿದರೆ ರಾತ್ರಿ 10ಕ್ಕೆ ಸರ್ವರ್ ನಿಂತಾಗ ಯಾರನ್ನು ಕರೆಯೋದು? ಈ ಪ್ರಶ್ನೆಗೆ ಉತ್ತರ ಇಲ್ಲದವರಿಗೆ ವಿಪಿಎಸ್ ಬೇಡ.

ಮ್ಯಾನೇಜ್ಡ್ ಕ್ಲೌಡ್: ಏನು ಸೇರಿದೆ ಅಂತ ಕೇಳಿ

ಸರ್ವರ್ ನೋಡಿಕೊಳ್ಳಲು ಜನ ಇಲ್ಲದ, ಆದರೆ ಸೈಟ್ ನಿಂತರೆ ನಷ್ಟವಾಗುವ ಅಂಗಡಿಗೆ ಇದು ಸೂಕ್ತ. ಸರ್ವರ್‌ನ ಅಪ್‌ಡೇಟ್, ಬ್ಯಾಕಪ್ ಸಾಮಾನ್ಯವಾಗಿ ಅವರೇ ಮಾಡ್ತಾರೆ. ಆದರೆ ನಿಮ್ಮ ಥೀಮ್, ಪ್ಲಗಿನ್ ಕೆಟ್ಟರೆ ಅದು ನಿಮ್ಮ ಕೆಲಸ ಅನ್ನೋರೇ ಹೆಚ್ಚು. ಇಮೇಲ್ ಸೇವೆ ಕೆಲವು ಕಡೆ ಸೇರಿರಲ್ಲ, ಅದಕ್ಕೆ ಬೇರೆ ದುಡ್ಡು. ಬ್ಯಾಕಪ್ ಎಷ್ಟು ದಿನದ್ದು ಇರುತ್ತೆ, ಅದನ್ನು ವಾಪಸ್ ಹಾಕಿಕೊಡೋರು ಯಾರು ಅಂತ ಮೊದಲೇ ಕೇಳಿ. ಮೊದಲ ವರ್ಷದ ಆಫರ್ ಬೆಲೆ ಬಿಟ್ಟು ನವೀಕರಣದ ಬೆಲೆಗೆ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ.

ಬದಲಿಸುವಾಗ ತಪ್ಪೋದು ಎಲ್ಲಿ?

ಹೆಚ್ಚಿನವರು ಎಡವೋದು ಇಮೇಲ್‌ನಲ್ಲಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸೈಟ್ ಮತ್ತು ಇಮೇಲ್ ಒಂದೇ ಕಡೆ ಇರುತ್ತವೆ. ನೇಮ್‌ಸರ್ವರ್ ಬದಲಿಸಿದಾಗ ಹಳೇ `MX` ದಾಖಲೆಗಳನ್ನು ಹೊಸ ಕಡೆ ಹಾಕದಿದ್ದರೆ ಬರುವ ಮೇಲ್ ನಿಂತುಹೋಗುತ್ತೆ. ಹಳೇ ಖಾತೆ ಮುಚ್ಚಿದರೆ ಅಲ್ಲಿದ್ದ ಮೇಲ್‌ಗಳೂ ಹೋದಂತೆ.

ಎರಡನೆಯದು ಆರ್ಡರ್. ಡಿಎನ್‌ಎಸ್ ಬದಲಾವಣೆ ಎಲ್ಲರಿಗೂ ಒಟ್ಟಿಗೆ ತಲುಪಲ್ಲ. ಆ ಹೊತ್ತಲ್ಲಿ ಕೆಲವರ ಆರ್ಡರ್ ಹಳೇ ಸೈಟ್‌ಗೆ, ಕೆಲವರದ್ದು ಹೊಸದಕ್ಕೆ ಹೋಗಿ ಲೆಕ್ಕ ತಪ್ಪುತ್ತೆ. ಹಾಗಾಗಿ ಹಿಂದಿನ ದಿನವೇ `TTL` ಅನ್ನು 300 ಸೆಕೆಂಡ್‌ಗೆ ಇಳಿಸಿ. ವ್ಯಾಪಾರ ಕಡಿಮೆ ಇರುವ ಹೊತ್ತಲ್ಲಿ ಹಳೇ ಸೈಟ್‌ನಲ್ಲಿ ಆರ್ಡರ್ ನಿಲ್ಲಿಸಿ, ಕೊನೆಯ ಡೇಟಾಬೇಸ್ ನಕಲು ತಗೊಂಡು, ಆಮೇಲೆ ಹೊಸದನ್ನು ತೆರೆಯಿರಿ. ಒಂದು ಆರ್ಡರ್ ನೀವೇ ಹಾಕಿ, ಪೇಮೆಂಟ್ ಆಗಿ ಮೇಲ್ ಬಂತಾ ಅಂತ ನೋಡಿ. ಹಳೇ ಖಾತೆಯನ್ನು ಒಂದು ತಿಂಗಳಾದರೂ ಇಟ್ಟುಕೊಳ್ಳಿ.

ದೀಪಾವಳಿಗೆ ಬದಲಿಸಬೇಕು ಅಂತಿದ್ದರೆ ಹಬ್ಬದ ವಾರಕ್ಕೆ ಕಾಯದೆ ಒಂದು ತಿಂಗಳು ಮೊದಲೇ ಈ ಕೆಲಸ ಮುಗಿಸುವುದು ಒಳ್ಳೆಯದು.