600 ಅಡಿ ಬೋರ್‌ಗೆ ಎಷ್ಟು ಕೇಸಿಂಗ್ ಪೈಪ್ ಬೇಕು? ಲೆಕ್ಕ ಹಾಕುವ ಬಗೆ ಇಲ್ಲಿದೆ

ಬೋರ್‌ವೆಲ್ ಕೊರೆಸುವವರು ಹಾರ್ಡ್‌ವೇರ್ ಅಂಗಡಿಗೆ ಬಂದು ಮೊದಲು ಕೇಳುವ ಮಾತು, "600 ಅಡಿ ಬೋರ್ ಹಾಕಿಸ್ತೀವಿ, ಕೇಸಿಂಗ್ ಎಷ್ಟು ಬೇಕಾಗ್ತದೆ?" ಈ ಪ್ರಶ್ನೆಗೆ ಬರೀ 600 ಎಂಬ ಅಂಕಿ ಇಟ್ಟುಕೊಂಡು ಉತ್ತರ ಕೊಡಲು ಬರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಕಲ್ಲುನೆಲದಲ್ಲಿ ಕೇಸಿಂಗ್ ಇಳಿಸುವುದು ಮೇಲಿನ ಸಡಿಲ ಮಣ್ಣು ಕುಸಿಯದಂತೆ ತಡೆಯಲು. ಗಟ್ಟಿ ಬಂಡೆ ಸಿಕ್ಕ ಮೇಲೆ ರಂಧ್ರ ತಾನೇ ನಿಲ್ಲುತ್ತದೆ, ಅಲ್ಲಿ ಪೈಪ್ ಬೇಕಿಲ್ಲ.

ಆದ್ದರಿಂದ ಒಟ್ಟು ಆಳ ಕೊರೆತದ ಬಿಲ್‌ಗೆ, ಮಣ್ಣಿನ ಆಳ ಕೇಸಿಂಗ್ ಬಿಲ್‌ಗೆ. ಸಡಿಲ ಮಣ್ಣು ಎಷ್ಟು ಅಡಿ ಇದೆಯೋ ಅದಕ್ಕೆ ಬಂಡೆಯೊಳಗೆ ಕೂರಿಸಲು ಸುಮಾರು 3 ಅಡಿ, ನೆಲದ ಮೇಲೆ ಬಿಡಲು 2 ಅಡಿ ಸೇರಿಸಬೇಕು. ಬಂದದ್ದನ್ನು ಒಂದು ಪೈಪಿನ ಉದ್ದದಿಂದ ಭಾಗಿಸಿ, ಉಳಿಕೆ ಬಂದರೆ ಮುಂದಿನ ಪೂರ್ಣ ಸಂಖ್ಯೆಗೆ ಏರಿಸಬೇಕು.

ಒಂದು ಉದಾಹರಣೆ ನೋಡಿ. ಕೊರೆತ 600 ಅಡಿ, ಸಡಿಲ ಮಣ್ಣು 87 ಅಡಿ, ಪೈಪ್ 20 ಅಡಿಯದ್ದು. 87ಕ್ಕೆ 3 ಮತ್ತು 2 ಸೇರಿಸಿದರೆ 92 ಅಡಿ. 20ರಿಂದ ಭಾಗಿಸಿದರೆ 4.6, ಅಂದರೆ 5 ಪೈಪ್. ಅದೇ 600 ಅಡಿ ಬೋರ್, ಆದರೆ ಪಕ್ಕದ ಹೊಲದಲ್ಲಿ ಮಣ್ಣು 30 ಅಡಿಗೇ ಮುಗಿದರೆ 35 ಅಡಿ ಸಾಕು, 2 ಪೈಪಿನಲ್ಲಿ ಕೆಲಸ ಆಗ್ತದೆ. ಪಕ್ಕದವರು ಹಾಕಿಸಿದಷ್ಟೇ ತರಿಸುವುದು ಅದಕ್ಕೇ ಸರಿಹೋಗುವುದಿಲ್ಲ.

5 ಪೈಪ್ ಅಂದರೆ 100 ಅಡಿ, ಬೇಕಾದ್ದು 92. ಉಳಿದ 8 ಅಡಿ ಯಾರ ಲೆಕ್ಕಕ್ಕೆ? ಅಡಿಗೆ 400 ರೂಪಾಯಿ ಎಂದು ಹಿಡಿದರೂ ಅದು 3,200 ರೂಪಾಯಿ. ಇಳಿಸಿದ ಅಡಿಗೆ ಬಿಲ್ಲೋ, ಪೂರ್ಣ ಪೈಪಿಗೆ ಬಿಲ್ಲೋ ಎಂಬುದನ್ನು ಲಾರಿ ಬರುವ ಮೊದಲೇ ಮಾತಾಡಿಕೊಳ್ಳಬೇಕು.

ಪೈಪಿನ ಉದ್ದವನ್ನೂ ಟೇಪ್ ಹಿಡಿದು ನೋಡುವುದು ಒಳ್ಳೆಯದು. 20 ಅಡಿ ಎಂದು ಕೊಡುವ ಪೈಪ್ 6 ಮೀಟರಿನದ್ದಾದರೆ 19 ಅಡಿ 8 ಇಂಚೇ ಇರುತ್ತದೆ. ಒಂದರೊಳಗೊಂದು ಕೂರುವ ಪಿವಿಸಿ ಪೈಪ್ ಆದರೆ ಪ್ರತಿ ಜಾಯಿಂಟ್‌ನಲ್ಲಿ ಇನ್ನಷ್ಟು ಇಂಚು ಒಳಗೆ ಹೋಗುತ್ತದೆ. 92 ಅಡಿಗೆ ಇದರಿಂದ ತೊಂದರೆಯಿಲ್ಲ. ಬೇಕಾದ್ದು 99 ಅಡಿ ಆಗಿದ್ದರೆ ಮಾತ್ರ 5 ಪೈಪ್ ಸಾಲದು, ಇನ್ನೊಂದು ತುಂಡು ಬೇಕು.

ಮಣ್ಣಿನ ಆಳ ಗೊತ್ತಾಗುವುದು ಕೊರೆಯುವಾಗಲೇ. ಲಾರಿ ಬಂದ ಕೂಡಲೇ ಒಂದು ರಾಡ್ ಅಳೆದುಕೊಳ್ಳಿ. 20 ಅಡಿಯ 4 ರಾಡ್ ಪೂರ್ತಿ ಇಳಿದು ಐದನೆಯದು 7 ಅಡಿ ಹೋದಾಗ ಬಂಡೆ ಸಿಕ್ಕರೆ ಅದೇ 87. ಮಣ್ಣಿನಲ್ಲಿ ರಾಡ್ ಸರಸರ ಇಳಿಯುತ್ತದೆ, ಕೆಂಪು ಅಥವಾ ಕಂದು ಮಣ್ಣು ಹೊರಗೆ ಬೀಳುತ್ತದೆ. ಬಂಡೆಗೆ ತಾಗಿದರೆ ವೇಗ ಇಳಿದು ಬೂದು ಇಲ್ಲವೇ ಬಿಳಿ ಕಲ್ಲುಪುಡಿ ಹಾರುತ್ತದೆ, ಸದ್ದೂ ಬದಲಾಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಮಣ್ಣಿನ ನಡುವೆ ಹೂತ ದೊಡ್ಡ ಉಂಡೆಕಲ್ಲು ಸಿಕ್ಕರೂ ಪುಡಿ ಬರುತ್ತದೆ, "ಬಂಡೆ ಸಿಕ್ತು, ಪೈಪ್ ಇಳಿಸೋಣ" ಎಂಬ ಮಾತೂ ಬರುತ್ತದೆ. ಐದಾರು ಅಡಿ ಕೆಳಗೆ ಮತ್ತೆ ಮಣ್ಣು ಕಾಣಿಸಿಕೊಂಡರೆ ಆ ಕೇಸಿಂಗ್ ಕಲ್ಲಿನ ಮೇಲೆ ನೇತಾಡಿದಂತೆಯೇ. ಇನ್ನೂ 10 ಅಡಿ ಕೊರೆಸಿ, ಪುಡಿ ಒಂದೇ ಸಮ ಬರುತ್ತಿದ್ದರೆ ಮಾತ್ರ ಪೈಪ್ ಇಳಿಸಲು ಹೇಳಬೇಕು. ಕೇಸಿಂಗ್ ಗಿಡ್ಡವಾದರೆ ನೀರು ಕೆಸರಾಗಿಯೇ ಬರುತ್ತಿರುತ್ತದೆ, ಮಣ್ಣು ಜಾರಿ ಮೋಟಾರ್ ಒಳಗೇ ಸಿಕ್ಕಿಹಾಕಿಕೊಳ್ಳಬಹುದು. ಆಮೇಲೆ ಸರಿಮಾಡಲು ಒಳಗೆ ಸಣ್ಣ ಅಳತೆಯ ಪೈಪ್ ಇಳಿಸಿದರೆ ಮೋಟಾರಿಗೇ ಜಾಗ ಕಿರಿದಾಗುತ್ತದೆ.

ನೆಲದ ಮೇಲಿನ 2 ಅಡಿಯನ್ನು ಉಳಿಸಲು ಹೋಗಬಾರದು. ಕೊಳವೆಬಾವಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಂತೆ ಕೇಸಿಂಗ್ ಸುತ್ತ ನೆಲದಿಂದ 30 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳದ ಕಾಂಕ್ರೀಟ್ ಕಟ್ಟೆ ಇರಬೇಕು, ಬಾಯಿಗೆ ಉಕ್ಕಿನ ತಗಡು ಬೆಸುಗೆ ಹಾಕಬೇಕು ಇಲ್ಲವೇ ನಟ್-ಬೋಲ್ಟಿನ ಗಟ್ಟಿ ಮುಚ್ಚಳ ಬಿಗಿಯಬೇಕು. ಕಟ್ಟೆಯೇ ಒಂದು ಅಡಿ ತಿಂದ ಮೇಲೆ ಮುಚ್ಚಳಕ್ಕೆ ಉಳಿಯುವುದು ಇನ್ನೊಂದು ಅಡಿ.

ಈ ಲೆಕ್ಕ ಕಲ್ಲುನೆಲಕ್ಕೆ ಮಾತ್ರ. ಮರಳು ತುಂಬಿದ ನದಿದಡದಲ್ಲಿ ಬಂಡೆಯೇ ಸಿಗದಿದ್ದರೆ ಕೊರೆದಷ್ಟೂ ಆಳಕ್ಕೆ ಪೈಪ್ ಬೇಕು, ನೀರು ಬರುವ ಜಾಗದಲ್ಲಿ ಸೀಳು ಇರುವ ಪೈಪ್ ಹಾಕಬೇಕು. ಕಲ್ಲುನೆಲದಲ್ಲೂ 300-400 ಅಡಿ ಕೆಳಗೆ ಸಡಿಲ ಪದರ ಸಿಕ್ಕು ಕುಸಿದರೆ ಒಳಗಿನ ಕೇಸಿಂಗ್ ಬೇರೆಯೇ ಬೇಕಾಗುತ್ತದೆ, ಅದರ ದರ ಮೊದಲ ಒಪ್ಪಂದದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ.

ಬಿಲ್ ಬರೆಸುವಾಗ ಒಟ್ಟು ಆಳ, ಮಣ್ಣಿನ ಆಳ, ಇಳಿಸಿದ ಕೇಸಿಂಗ್ ಅಡಿ ಮೂರನ್ನೂ ಬೇರೆಬೇರೆ ಬರೆಸಿಟ್ಟುಕೊಂಡರೆ ಮುಂದೆ ಮೋಟಾರ್ ಎತ್ತುವ ದಿನ ರಿಪೇರಿಯವರು ಮೊದಲು ಕೇಳುವುದು ಆ ಚೀಟಿಯನ್ನೇ.