ಪೋಸ್ಟ್‌ಪೇಯ್ಡ್ ಫೋನ್ ಬಿಲ್ (ವ್ಯವಹಾರದ ಲೆಕ್ಕದಲ್ಲಿ)

ಬಿಲ್ಲಿನ ಕೊನೆಯಲ್ಲಿ ಕಾಣುವ ‘ಪಾವತಿಸಬೇಕಾದ ಮೊತ್ತ’ವೇ ತಿಂಗಳ ಖರ್ಚೆಂದು ಬರೆಯುವುದು ಸಾಮಾನ್ಯ ತಪ್ಪು, ಅದರಲ್ಲಿ ಹಿಂದಿನ ಬಾಕಿಯೂ ಸೇರಿರುತ್ತದೆ.

ಉದಾಹರಣೆಗೆ, ಮಾಸಿಕ ಬಾಡಿಗೆ ₹499, ಪ್ಲಾನ್ ಮೀರಿದ ವಿದೇಶಿ ಕರೆಗಳಿಗೆ ₹151, ಸಿಮ್ ಬದಲಾವಣೆಯ ಒಂದು ಬಾರಿಯ ಶುಲ್ಕ ₹50 ಎಂದಿರಲಿ. ಒಟ್ಟು ₹700. ಇದರ ಮೇಲೆ ಶೇ. 18 ಜಿಎಸ್‌ಟಿ ₹126. ರಾಜ್ಯದೊಳಗಿನ ಬಿಲ್ಲಾದರೆ ಕೇಂದ್ರಕ್ಕೆ ₹63, ರಾಜ್ಯಕ್ಕೆ ₹63. ಹಳೆಯ ಬಾಕಿ ₹590 ಸೇರಿ ಪಾವತಿ ₹1,416.

ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಿದ್ದು, ಹೂಡುವಳಿ ತೆರಿಗೆ ಜಮೆಗೆ ಅರ್ಹತೆಯಿದ್ದರೆ ಖರ್ಚು ₹700 ಮಾತ್ರ. ₹126 ಜಮೆ ಖಾತೆಗೆ. ಸಂಖ್ಯೆಯಿಲ್ಲದಿದ್ದರೆ ₹826 ಪೂರ್ತಿ ಖರ್ಚು. ಜಮೆ ಪಡೆಯುವ ಮುನ್ನ ಬಿಲ್ GSTR-2Bಯಲ್ಲಿ ಬಂದಿದೆಯೇ ಎಂದು ನೋಡಲೇಬೇಕು. ಬಾಕಿ ₹590 ಹಿಂದಿನ ತಿಂಗಳ ಲೆಕ್ಕದಲ್ಲೇ ದಾಖಲಾಗಿರುತ್ತದೆ. ಮರಳಿ ಬರುವ ಭದ್ರತಾ ಠೇವಣಿ ಖರ್ಚಲ್ಲ, ಆಸ್ತಿ.