ದೋಣಿಯ ಒಡಲಿನ ರೇಖೆಗಳ ಫೇರಿಂಗ್

ಒಡಲಿನ ರೇಖೆಗಳ ಫೇರಿಂಗ್ ಎಂದರೆ ದೋಣಿಯ ಒಡಲಿನ (ಹಲ್) ಆಕಾರವನ್ನು ತೋರಿಸುವ ರೇಖೆಗಳಲ್ಲಿರುವ ಅನಪೇಕ್ಷಿತ ಉಬ್ಬು, ತಗ್ಗು ಮತ್ತು ಚಪ್ಪಟೆ ಭಾಗಗಳನ್ನು ಗುರುತಿಸಿ, ಯಾವ ದಿಕ್ಕಿನಿಂದ ನೋಡಿದರೂ ಅವು ಸರಾಗವಾಗಿ ಸಾಗುವಂತೆ ತಿದ್ದುವ ಕ್ರಿಯೆ. ಹಿಂದೆ ಇದನ್ನು ದೊಡ್ಡ ನೆಲದ ಮೇಲೆ ಪೂರ್ಣ ಅಳತೆಯಲ್ಲಿ ರೇಖೆ ಎಳೆದು ಮಾಡಲಾಗುತ್ತಿತ್ತು. ಈಗ ಇದು ಬಹುಮಟ್ಟಿಗೆ ಗಣಕದಲ್ಲಿ, ಮೇಲ್ಮೈಗಳನ್ನು ರಚಿಸುವ ತಂತ್ರಾಂಶಗಳ ಮೂಲಕ ನಡೆಯುತ್ತದೆ. ಈ ಲೇಖನವು ಅಡ್ಡಛೇದ ರೇಖೆಗಳಿಂದ ಸಣ್ಣ ದೋಣಿಯೊಂದರ ಮೇಲ್ಮೈಯನ್ನು ರಚಿಸಿ ನಯಗೊಳಿಸುವ ವಿಧಾನವನ್ನು ವಿವರಿಸುತ್ತದೆ. ಆಜ್ಞೆಗಳ ಹೆಸರುಗಳು ರೈನೋ ತಂತ್ರಾಂಶಕ್ಕೆ ಸಂಬಂಧಿಸಿದವು.

## ಹಿನ್ನೆಲೆ

ಹಡಗು ನಿರ್ಮಾಣದ ನಕ್ಷೆಗಾರರು ತೆಳುವಾದ, ಬಾಗುವ ಮರದ ಪಟ್ಟಿಯನ್ನು ಕೆಲವೇ ಬಿಂದುಗಳಲ್ಲಿ ಸೀಸದ ತೂಕಗಳಿಂದ ಹಿಡಿದಿಟ್ಟು, ಅದರ ಅಂಚಿನ ಗುಂಟ ರೇಖೆ ಎಳೆಯುತ್ತಿದ್ದರು. ಈ ಪಟ್ಟಿಗೆ ಸ್ಪ್ಲೈನ್ ಎಂದು ಹೆಸರು. ಒಂದು ತೂಕವನ್ನು ಎತ್ತಿದಾಗ ಪಟ್ಟಿ ತಾನಾಗಿ ಪಕ್ಕಕ್ಕೆ ಸರಿದರೆ, ಆ ಬಿಂದುವು ಪಟ್ಟಿಯನ್ನು ಒತ್ತಾಯದಿಂದ ಬಾಗಿಸುತ್ತಿತ್ತೆಂದು ತಿಳಿಯುತ್ತಿತ್ತು. 1946ರಲ್ಲಿ ಗಣಿತಜ್ಞ ಐಸಾಕ್ ಶೋನ್‌ಬರ್ಗ್ ಇದೇ ಪದವನ್ನು ತುಂಡುತುಂಡಾಗಿ ಜೋಡಿಸಿದ ಬಹುಪದಿ ರೇಖೆಗಳಿಗೆ ಬಳಸಿದರು. ಇಂದಿನ ತಂತ್ರಾಂಶಗಳ ವಕ್ರರೇಖೆಗಳು ಆ ಗಣಿತದ ಮೇಲೆ ನಿಂತಿವೆ. ತೂಕಗಳ ಕೆಲಸವನ್ನು ಈಗ ನಿಯಂತ್ರಣ ಬಿಂದುಗಳು ಮಾಡುತ್ತವೆ. ಆದರೆ ತೂಕದಂತೆ ಇವು ರೇಖೆಯ ಮೇಲೆಯೇ ಇರುವುದಿಲ್ಲ; ರೇಖೆಯ ಹೊರಗಿದ್ದು ಅದನ್ನು ತಮ್ಮತ್ತ ಸೆಳೆಯುತ್ತವೆ.

## ಅಡ್ಡಛೇದಗಳು ಮತ್ತು ಉದ್ದದ ರೇಖೆಗಳು

ದೋಣಿಯನ್ನು ಅದರ ಉದ್ದಕ್ಕೆ ಲಂಬವಾಗಿ, ನಿಗದಿತ ಅಂತರಗಳಲ್ಲಿ ಕತ್ತರಿಸಿದಂತೆ ಕಲ್ಪಿಸಿದಾಗ ದೊರೆಯುವ ಆಕಾರವೇ ಅಡ್ಡಛೇದ ರೇಖೆ. ಕತ್ತರಿಸುವ ಸ್ಥಾನವನ್ನು ಸ್ಟೇಷನ್ ಎನ್ನುತ್ತಾರೆ. ದೋಣಿ ಕಟ್ಟುವಾಗ ಈ ಸ್ಥಾನಗಳಲ್ಲೇ ಮರದ ಅಚ್ಚುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಹಲಗೆಗಳನ್ನು ಬಾಗಿಸಿ ಜೋಡಿಸಲಾಗುತ್ತದೆ.

ಒಡಲನ್ನು ಉದ್ದಕ್ಕೂ ತೋರಿಸುವ ರೇಖೆಗಳು ಬೇರೆ. ಸಮತಲವಾಗಿ ಕತ್ತರಿಸಿದರೆ ಜಲರೇಖೆಗಳು, ಮಧ್ಯರೇಖೆಗೆ ಸಮಾನಾಂತರವಾಗಿ ನೇರ ನಿಲುವಿನಲ್ಲಿ ಕತ್ತರಿಸಿದರೆ ಬಟಕ್ ರೇಖೆಗಳು, ಓರೆಯಾಗಿ ಕತ್ತರಿಸಿದರೆ ಡಯಾಗನಲ್ ರೇಖೆಗಳು ದೊರೆಯುತ್ತವೆ. ಒಡಲಿನ ಮೇಲಂಚಿನ ರೇಖೆಗೆ ಶಿಯರ್ ಎಂದು ಹೆಸರು.

ಪ್ರತಿಯೊಂದು ಅಡ್ಡಛೇದವೂ ತನ್ನಷ್ಟಕ್ಕೆ ಸುಂದರವಾಗಿದ್ದರೂ ಒಡಲು ಸರಾಗವಾಗಿರಬೇಕೆಂದಿಲ್ಲ. ಒಂದು ಅಡ್ಡಛೇದ ಹತ್ತು ಮಿಲಿಮೀಟರ್ ಕಿರಿದಾದರೆ ಅದರ ಸ್ವಂತ ಆಕಾರದಲ್ಲಿ ಯಾವ ಕುರುಹೂ ಕಾಣದು. ಆದರೆ ಅದರ ಮೇಲೆ ಹಾದುಹೋಗುವ ಹಲಗೆ ಅಲ್ಲಿ ಚಪ್ಪಟೆಯಾಗುತ್ತದೆ. ಆದ್ದರಿಂದ ಆಕಾರವನ್ನು ಅಡ್ಡಛೇದಗಳ ಮೂಲಕ ರೂಪಿಸಿದರೂ, ಅದನ್ನು ಪರೀಕ್ಷಿಸಬೇಕಾದುದು ಉದ್ದದ ರೇಖೆಗಳಲ್ಲಿ.

## ಮೇಲ್ಮೈಯನ್ನು ರಚಿಸುವ ಕ್ರಮ

ಒಡಲು ಎರಡೂ ಬದಿಗಳಲ್ಲಿ ಸಮನಾಗಿರುವುದರಿಂದ ಅರ್ಧವನ್ನಷ್ಟೇ ರಚಿಸಿ ಕೊನೆಗೆ ಪ್ರತಿಬಿಂಬಿಸಿದರೆ ಸಾಕು. ಮೊದಲು ಅಳತೆಯಿಂದ ದೊರೆತ ಬಿಂದುಗಳನ್ನು ಪ್ರತ್ಯೇಕ ಪದರದಲ್ಲಿ ಇಟ್ಟು, ಅಲುಗದಂತೆ ಬೀಗ ಹಾಕಲಾಗುತ್ತದೆ. ಅವು ಹೋಲಿಕೆಗಾಗಿ ಮಾತ್ರ. ಬಳಿಕ ಪ್ರತಿ ಸ್ಟೇಷನ್ನಿಗೂ ಶಿಯರ್‌ನಿಂದ ಕೀಲ್‌ವರೆಗೆ ಹೊಸ ರೇಖೆಯೊಂದನ್ನು ರಚಿಸಬೇಕು. ಮುಂತುದಿಯಲ್ಲಿ ಅಡ್ಡಛೇದದ ಬದಲು ಅಲ್ಲಿನ ಮರದ ಪಾರ್ಶ್ವರೇಖೆಯನ್ನೇ ಮೊದಲ ರೇಖೆಯಾಗಿ ಬಳಸಲಾಗುತ್ತದೆ.

ಇಲ್ಲಿ ಒಂದು ನಿಯಮ ಮುಖ್ಯವಾದುದು: ಎಲ್ಲ ರೇಖೆಗಳಲ್ಲಿಯೂ ನಿಯಂತ್ರಣ ಬಿಂದುಗಳ ಸಂಖ್ಯೆ ಒಂದೇ ಆಗಿರಬೇಕು, ಮತ್ತು ಅದು ಸಾಧ್ಯವಾದಷ್ಟು ಕಡಿಮೆ ಇರಬೇಕು. ದುಂಡು ತಳದ ಸಣ್ಣ ದೋಣಿಗೆ ಐದು ಬಿಂದುಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಮೊದಲ ರೇಖೆಯನ್ನು ನಕಲು ಮಾಡಿ, ನಕಲಿನ ಬಿಂದುಗಳನ್ನು ಸರಿಸುತ್ತ ಮುಂದಿನ ಸ್ಟೇಷನ್ನಿನ ಆಕಾರಕ್ಕೆ ತಂದರೆ ಸಂಖ್ಯೆ ತಾನಾಗಿ ಒಂದೇ ಆಗಿ ಉಳಿಯುತ್ತದೆ. ತಳವು ಮಧ್ಯರೇಖೆಯಲ್ಲಿ ಏಣಿಲ್ಲದೆ ಕೂಡಬೇಕಾದ ಅಡ್ಡಛೇದಗಳಲ್ಲಿ, ಕೀಲ್‌ನ ಬಿಂದು ಮತ್ತು ಅದರ ಪಕ್ಕದ ಬಿಂದು ಒಂದೇ ಎತ್ತರದಲ್ಲಿರಬೇಕು.

ಅನಂತರ `Loft` ಆಜ್ಞೆಯಿಂದ ರೇಖೆಗಳ ಮೇಲೆ ಮೇಲ್ಮೈಯನ್ನು ಹೊದಿಸಲಾಗುತ್ತದೆ. ಶೈಲಿಯಾಗಿ `Loose` ಅನ್ನು ಆರಿಸಿದರೆ ರೇಖೆಗಳ ನಿಯಂತ್ರಣ ಬಿಂದುಗಳೇ ಮೇಲ್ಮೈಯ ನಿಯಂತ್ರಣ ಬಿಂದುಗಳಾಗುತ್ತವೆ. ಆಗ ಮೇಲ್ಮೈ ಮಧ್ಯದ ರೇಖೆಗಳ ಮೂಲಕ ಹಾದುಹೋಗದೆ ಅವುಗಳ ಸಮೀಪ ಸಾಗುತ್ತದೆ. `Normal` ಶೈಲಿಯಲ್ಲಿ ಮೇಲ್ಮೈ ಪ್ರತಿ ರೇಖೆಯನ್ನೂ ಮುಟ್ಟಲೇಬೇಕಾದುದರಿಂದ, ಅಳತೆಯ ಸಣ್ಣ ದೋಷಗಳೆಲ್ಲ ಅಲೆಗಳಾಗಿ ಅದರಲ್ಲಿ ಮೂಡುತ್ತವೆ. ಮೊದಲ ಬಾರಿಗೆ ಹೊದಿಸಿದ ಮೇಲೆ, ಬೀಗ ಹಾಕಿದ ಅಳತೆಗಳಿಗೆ ಮೇಲ್ಮೈ ಸಮೀಪಿಸುವಂತೆ ಅದರ ನಿಯಂತ್ರಣ ಬಿಂದುಗಳನ್ನು ಸ್ವಲ್ಪ ಹೊರಕ್ಕೆ ಸರಿಸಬೇಕಾಗುತ್ತದೆ.

## ದೋಷವನ್ನು ಗುರುತಿಸುವುದು

`Contour` ಆಜ್ಞೆಯಿಂದ ಮೇಲ್ಮೈಯನ್ನು ಸಮಾನ ಅಂತರಗಳಲ್ಲಿ ಕತ್ತರಿಸಿ ಜಲರೇಖೆಗಳನ್ನೂ ಬಟಕ್ ರೇಖೆಗಳನ್ನೂ ಪಡೆಯಬಹುದು. ಅವುಗಳಿಗೂ ಮೇಲ್ಮೈಯ ಅಂಚುಗಳಿಗೂ `CurvatureGraph` ಅನ್ವಯಿಸಿದರೆ ರೇಖೆಯ ಗುಂಟ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು ಮೂಡುತ್ತವೆ. ರೇಖೆ ಹೆಚ್ಚು ಬಾಗಿದಲ್ಲಿ ಹಲ್ಲು ಉದ್ದ, ಕಡಿಮೆ ಬಾಗಿದಲ್ಲಿ ಗಿಡ್ಡ. ಹಲ್ಲುಗಳ ಉದ್ದ ನಿಧಾನವಾಗಿ ಏರಿ ನಿಧಾನವಾಗಿ ಇಳಿದರೆ ರೇಖೆ ಸರಾಗವಾಗಿದೆ. ನಡುವೆ ತಗ್ಗು ಕಂಡರೆ ಅಲ್ಲಿ ಚಪ್ಪಟೆ ಭಾಗವಿದೆ. ಹಲ್ಲುಗಳು ರೇಖೆಯ ಮತ್ತೊಂದು ಬದಿಗೆ ಹೊರಳಿದರೆ ಬಾಗುವಿಕೆಯ ದಿಕ್ಕೇ ಬದಲಾಗಿದೆ ಎಂದರ್ಥ. ಮುಂತುದಿಯ ಬಳಿ ಕೆಲವು ದೋಣಿಗಳಲ್ಲಿ ಇದು ಉದ್ದೇಶಪೂರ್ವಕವಾಗಿರುತ್ತದೆ. ಮಧ್ಯಭಾಗದಲ್ಲಿ ಕಂಡರೆ ಅದು ಬಹುತೇಕ ದೋಷವೇ.

ಮೂರನೆಯ ದರ್ಜೆಯ ಮೇಲ್ಮೈಯಲ್ಲಿ ಹಲ್ಲುಗಳ ತುದಿಗಳನ್ನು ಕೂಡಿಸುವ ಗೆರೆ ಅಲ್ಲಲ್ಲಿ ಸಣ್ಣ ಮೂಲೆಯಂತೆ ತಿರುಗುವುದು ಸಹಜ, ಅದು ದೋಷವಲ್ಲ. ನಕ್ಷೆಯ ಪ್ರಮಾಣವನ್ನು ಅತಿಯಾಗಿ ಹಿಗ್ಗಿಸಿದರೆ ಯಾವ ರೇಖೆಯೂ ಕೆಟ್ಟದಾಗಿ ಕಾಣುತ್ತದೆ. ಆದುದರಿಂದ ಎಲ್ಲ ರೇಖೆಗಳನ್ನೂ ಒಂದೇ ಪ್ರಮಾಣದಲ್ಲಿ ಹೋಲಿಸಬೇಕು. ಇದಲ್ಲದೆ ಮಾದರಿಯ ನಕಲೊಂದನ್ನು ಉದ್ದದ ದಿಕ್ಕಿನಲ್ಲಿ ಮಾತ್ರ ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗಿಸಿ ನೋಡುವುದೂ ಉಪಯುಕ್ತ. ಬಡಗಿ ಹಲಗೆಯ ಅಂಚಿಗೆ ಕಣ್ಣಿಟ್ಟು ಸೊಟ್ಟು ನೋಡುವುದಕ್ಕೆ ಇದು ಸಮಾನವಾದುದು.

## ಉದಾಹರಣೆ

4.8 ಮೀಟರ್ ಉದ್ದದ ತೆರೆದ ದೋಣಿಯೊಂದನ್ನು ಅಳೆದು ಮಾದರಿ ಮಾಡಲಾಗುತ್ತಿದೆ ಎಂದು ಭಾವಿಸೋಣ. ಸ್ಟೇಷನ್ನುಗಳ ಅಂತರ 0.8 ಮೀಟರ್. ಮುಂತುದಿ 0, ಹಿಂಬದಿಯ ಹಲಗೆ 6. ಹೀಗಾಗಿ ಒಟ್ಟು ಏಳು ರೇಖೆಗಳು. ಮಧ್ಯರೇಖೆಯಿಂದ ಶಿಯರ್‌ಗೆ ಇರುವ ಅಡ್ಡ ಅಳತೆ, ಅಂದರೆ ಅರ್ಧ ಅಗಲ, ಮಿಲಿಮೀಟರುಗಳಲ್ಲಿ ಹೀಗಿದೆ:

| ಸ್ಟೇಷನ್ | 0 | 1 | 2 | 3 | 4 | 5 | 6 |
|---|---|---|---|---|---|---|---|
| ಅಳತೆ | 0 | 380 | 610 | 718 | 760 | 712 | 592 |
| ತಿದ್ದಿದ ಬಳಿಕ | 0 | 380 | 613 | 730 | 763 | 712 | 592 |

ಅಳತೆಯ ಸಾಲನ್ನು ಕಣ್ಣಿನಿಂದ ನೋಡಿದರೆ ದೋಷ ತಿಳಿಯುವುದಿಲ್ಲ. ಒಂದೊಂದು ಅಳತೆಯಿಂದ ಹಿಂದಿನದನ್ನು ಕಳೆದರೆ 380, 230, 108, 42, −48, −120 ಬರುತ್ತದೆ. ಈ ವ್ಯತ್ಯಾಸಗಳು ಪ್ರತಿ ಹೆಜ್ಜೆಗೂ ಎಷ್ಟು ಇಳಿಯುತ್ತವೆ ಎಂದು ನೋಡಿದರೆ 150, 122, 66, 90, 72. ಈ ಎರಡನೆಯ ಸಾಲು ವಕ್ರತೆಯ ಸ್ಥೂಲ ಸೂಚಕ. ಅದು ಕ್ರಮವಾಗಿ ಇಳಿಯಬೇಕಾದಲ್ಲಿ 3ನೆಯ ಸ್ಟೇಷನ್ನಿನಲ್ಲಿ 66ಕ್ಕೆ ಕುಸಿದು, ಮತ್ತೆ 90ಕ್ಕೆ ಏರಿದೆ. ತೆರೆಯ ಮೇಲಿನ ಬಾಚಣಿಗೆಯಲ್ಲಿಯೂ ಅದೇ ಜಾಗದಲ್ಲಿ ತಗ್ಗು ಕಾಣುತ್ತದೆ.

ತಿದ್ದುವ ಮೊದಲು ಉಳಿದ ಉದ್ದದ ರೇಖೆಗಳನ್ನು ಪರಿಶೀಲಿಸಬೇಕು. ಜಲರೇಖೆಗಳಲ್ಲಿ ತಗ್ಗಿಲ್ಲದೆ ಶಿಯರ್‌ನಲ್ಲಿ ಮಾತ್ರ ಇದ್ದರೆ, ಅದು ಅಂಚಿನ ಸವೆತ ಅಥವಾ ಒಂದೇ ಬಿಂದುವಿನ ಅಳತೆಯ ತಪ್ಪು. ಎಲ್ಲ ರೇಖೆಗಳಲ್ಲೂ ಅದೇ ಸ್ಟೇಷನ್ನಿನಲ್ಲಿ ತಗ್ಗಿದ್ದರೆ ಇಡೀ ಅಡ್ಡಛೇದವೇ ತಪ್ಪು ಸ್ಥಾನದಲ್ಲಿ ಅಳೆಯಲ್ಪಟ್ಟಿರಬಹುದು, ಇಲ್ಲವೆ ಹಳೆಯ ದೋಣಿಯ ಒಡಲೇ ಅಲ್ಲಿ ಕುಗ್ಗಿರಬಹುದು. ಇಲ್ಲಿ ಮೊದಲನೆಯ ಸ್ಥಿತಿ ಇದೆ ಎಂದುಕೊಳ್ಳೋಣ.

ರೇಖೆಯನ್ನು ಆ ಸ್ಥಾನದಲ್ಲಿ 12 ಮಿ.ಮೀ. ಹೊರಕ್ಕೆ ತರಬೇಕಾಗಿದೆ. ಮೂರನೆಯ ದರ್ಜೆಯ ರೇಖೆಯ ಮಧ್ಯಭಾಗದಲ್ಲಿ ನಿಯಂತ್ರಣ ಬಿಂದು ಸರಿದ ದೂರದ ಮೂರನೆಯ ಎರಡು ಭಾಗದಷ್ಟು ಮಾತ್ರ ರೇಖೆ ಸರಿಯುತ್ತದೆ. ಎರಡೂ ನೆರೆಯ ಸ್ಥಾನಗಳಲ್ಲಿ ಸುಮಾರು ಆರನೆಯ ಒಂದು ಭಾಗದಷ್ಟು ಸರಿಯುತ್ತದೆ. ಆದ್ದರಿಂದ ಶಿಯರ್‌ನ ಮಧ್ಯದ ಬಿಂದುವನ್ನು 18 ಮಿ.ಮೀ. ಹೊರಕ್ಕೆ ಸರಿಸಿದರೆ 3ನೆಯ ಸ್ಟೇಷನ್ನಿನಲ್ಲಿ ರೇಖೆ 12 ಮಿ.ಮೀ., 2 ಮತ್ತು 4ರಲ್ಲಿ ಸುಮಾರು 3 ಮಿ.ಮೀ. ಹೊರಬರುತ್ತದೆ. ಈಗ ಎರಡನೆಯ ಸಾಲು 147, 116, 84, 84, 69 ಆಗುತ್ತದೆ. ನಡುವಣ ಏರಿಕೆ ಇಲ್ಲವಾಯಿತು. 3ನೆಯ ಸ್ಟೇಷನ್ನಿನಲ್ಲಿ ಬಾಗುವಿಕೆಯ ತ್ರಿಜ್ಯವು ಸುಮಾರು 10 ಮೀಟರಿನಿಂದ 8 ಮೀಟರಿಗಿಂತ ಕಡಿಮೆಯಾಗಿದೆ. ಒಡಲಿನ ತುದಿಗಳ ಬಳಿ ಈ ಅನುಪಾತಗಳು ಬೇರೆಯಾಗುವುದರಿಂದ ಅಲ್ಲಿ ಬಿಂದುವನ್ನು ಸ್ವಲ್ಪಸ್ವಲ್ಪವೇ ಸರಿಸಿ ಬಾಚಣಿಗೆಯನ್ನು ಗಮನಿಸಬೇಕು.

## ಸಾಮಾನ್ಯ ತಪ್ಪುಗಳು

ಮೇಲ್ಮೈ ಅಳತೆಗೆ ಹೊಂದದಿದ್ದಾಗ ಹೆಚ್ಚು ನಿಯಂತ್ರಣ ಬಿಂದುಗಳನ್ನು ಸೇರಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಬಿಂದುಗಳು ಹೆಚ್ಚಿದಂತೆ ಪ್ರತಿಯೊಂದರ ಪ್ರಭಾವದ ವ್ಯಾಪ್ತಿ ಕಿರಿದಾಗಿ, ಒಂದು ಉಬ್ಬನ್ನು ಇಳಿಸಿದರೆ ಪಕ್ಕದಲ್ಲಿ ಎರಡು ಸಣ್ಣ ಉಬ್ಬುಗಳು ಏಳುತ್ತವೆ. ಇರುವ ಬಿಂದುಗಳನ್ನು ಸರಿಸಿ ಸಾಧ್ಯವಾಗದಿದ್ದಾಗ ಮಾತ್ರ ಹೊಸ ಸಾಲನ್ನು ಸೇರಿಸಬೇಕು.

ಇನ್ನೊಂದು ತಪ್ಪೆಂದರೆ `Contour` ನೀಡಿದ ರೇಖೆಗಳನ್ನೇ ತಿದ್ದುವುದು. ಅವು ಮೇಲ್ಮೈಯಿಂದ ತೆಗೆದ ಪ್ರತಿಗಳು. ಅವನ್ನು ತಿದ್ದಿದರೆ ಮೇಲ್ಮೈ ಬದಲಾಗುವುದಿಲ್ಲ. ತಿದ್ದಿದ ಪ್ರತಿಗಳ ಮೇಲೆ ಮತ್ತೆ ಮೇಲ್ಮೈ ಹೊದಿಸಿದರೆ ಅವುಗಳ ಅಸಮಾನವಾದ ಬಿಂದುಗಳಿಂದ ಹೊಸ ಅಲೆಗಳು ಹುಟ್ಟುತ್ತವೆ. ಪ್ರತಿ ತಿದ್ದುಪಡಿಯ ಬಳಿಕ ಹಳೆಯ ಪ್ರತಿಗಳನ್ನು ಅಳಿಸಿ, ಮತ್ತೆ ಕತ್ತರಿಸಿ ನೋಡುವುದೇ ಸರಿಯಾದ ಕ್ರಮ.

## ಮಿತಿಗಳು

ಸರಾಗವಾದ ಒಡಲು ಉತ್ತಮವಾಗಿ ತೇಲುವ ಒಡಲೇ ಆಗಿರಬೇಕೆಂದಿಲ್ಲ. ನೀರಿನ ಮಟ್ಟದ ಕೆಳಗೆ ಬಿಂದುಗಳನ್ನು ಸರಿಸಿದಾಗ ದೋಣಿ ಸ್ಥಳಾಂತರಿಸುವ ನೀರಿನ ಪ್ರಮಾಣ ಬದಲಾಗುತ್ತದೆ, ಆದುದರಿಂದ ತಿದ್ದುಪಡಿ ಮುಗಿದ ಮೇಲೆ ಘನಅಳತೆಯನ್ನು ಮತ್ತೆ ಲೆಕ್ಕ ಹಾಕಬೇಕು. ಪ್ಲೈವುಡ್ ಹಾಳೆಗಳಿಂದ ಕಟ್ಟುವ ಮೂಲೆಯುಳ್ಳ ದೋಣಿಗಳಿಗೆ ಈ ವಿಧಾನ ನೇರವಾಗಿ ಅನ್ವಯಿಸದು. ಹಾಳೆ ಒಂದು ದಿಕ್ಕಿನಲ್ಲಿ ಮಾತ್ರ ಬಾಗುವುದರಿಂದ, ಅಲ್ಲಿ ಮೂಲೆಯ ರೇಖೆಗಳನ್ನು ಮೊದಲು ಸರಾಗಗೊಳಿಸಿ, ಅವುಗಳ ನಡುವೆ ಚಪ್ಪಟೆಯಾಗಿ ಬಿಡಿಸಬಹುದಾದ ಮೇಲ್ಮೈಗಳನ್ನು ರಚಿಸಲಾಗುತ್ತದೆ. ಮೇಲ್ಮೈಯು ಹಲಗೆಯ ಹೊರಮೈಯನ್ನು ಸೂಚಿಸುತ್ತಿದ್ದರೆ, ಅಚ್ಚುಗಳನ್ನು ಕತ್ತರಿಸುವ ಮುನ್ನ ಹಲಗೆಯ ದಪ್ಪವನ್ನು ಮೇಲ್ಮೈಗೆ ಲಂಬವಾಗಿ ಕಳೆಯಬೇಕು.